ಬಸ್ ಇಲ್ಲ, ಅದಕ್ಕ ಆಟೋ

ಪೆನ್ನಿನ ಮುಚ್ಚಳ ತೆಗೆದು ಒಂದು ಸಹಿ ಹಾಕಲು ಜಯತೀರ್ಥ ಮಾಸ್ತರರಿಗೆ ಏನು ಕಷ್ಟವಾಗಿತ್ತು ಎನ್ನುವ ಮಾತು ವೀರಭದ್ರಪ್ಪನ ಬಾಯಿಂದ ಇವತ್ತಿಗೂ ಹೋಗಿಲ್ಲ. ಊಟಕ್ಕೆ ಕೂತಾಗ ಬರುತ್ತದೆ, ದಾಡಿ ಮಾಡಿಕೊಳ್ಳುವಾಗ ಬರುತ್ತದೆ, ಶೇರ್ ಆಟೋ ಹತ್ತಿದರಂತೂ ಬಂದೇ ಬರುತ್ತದೆ. "ಕಿಸೇದಾಗ ಪೆನ್ ಇತ್ತು, ಮುಂದ ಕಾಗದ ಇತ್ತು. ಮುಚ್ಚಳ ತೆಗೀಲಿಲ್ಲ ನೋಡು ಆ ಮನುಷ್ಯ" ಎಂದು ಶುರು ಮಾಡುತ್ತಾನೆ. ಹೆಂಡತಿ ಶಿವದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಮುಚ್ಚಳದ ಕಥಿ ಬಂತು. ಊಟಾ ಮಾಡ್ರಿ, ಆರತೈತಿ" ಎನ್ನುತ್ತಾಳೆ.

ವೀರಭದ್ರಪ್ಪ ಲಿಂಗಸುಗೂರು ಕಡೆಯವನು. ಐದನೆಯ ಇಯತ್ತೆಯಲ್ಲಿ ಊರಿನ ಮಾಸ್ತರೊಬ್ಬರು ಕಿವಿ ಹಿಂಡಿದರೆಂದು ಪಾಟಿಯನ್ನು ಅವರ ಮೇಜಿನ ಮೇಲಿಟ್ಟು ಬಂದವನು ಮತ್ತೆ ಸಾಲೆಯ ಕಡೆ ಮುಖ ಮಾಡಲಿಲ್ಲ. ಸೋದರಮಾವ ಚನ್ನಬಸಪ್ಪ ಹೈದರಾಬಾದಿನ ಬಾಲಾನಗರದಲ್ಲಿ ಕೆಲಸಕ್ಕಿದ್ದ. ಅಕ್ಕನ ಮಗನನ್ನು ಕರೆತಂದು ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹಚ್ಚಿದ. ಮೊದಮೊದಲು ಲೇತಿನ ಕೆಳಗೆ ಬಿದ್ದ ಕಬ್ಬಿಣದ ಸಿಪ್ಪೆ ಗುಡಿಸುವ ಕೆಲಸ. ಆಮೇಲೆ ಎಣ್ಣೆ ಹಾಕುವುದು, ಆಮೇಲೆ ಟೂಲು ಸಾಣೆ ಹಿಡಿಯುವುದು, ಹೀಗೇ ಹೋಗಿ ಲೇತಿನ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಆದ. ಕೈ ಒಳ್ಳೆಯದು. ಸಿಟ್ಟು ಮಾತ್ರ ಕೈಗಿಂತ ಮುಂದೆ ಓಡುತ್ತಿತ್ತು. ಒಬ್ಬ ಸೂಪರ್‌ವೈಸರ್ ತೆಲುಗಿನಲ್ಲಿ 'ಏರಾ', ಅಂದರೆ 'ಏನಲೇ' ಎಂದು ಕರೆದನೆಂದು ಮಷಿನ್ ಓಡುತ್ತಿರುವಾಗಲೇ ಬಿಟ್ಟು ಮನೆಗೆ ಬಂದ. ಇನ್ನೊಂದು ಕಡೆ ಚಹಾ ತಡವಾಯಿತೆಂದು ಜಗಳ. ಬಾಲಾನಗರದಲ್ಲಿ ಅವನು ಕೆಲಸ ಬಿಡದ ಗಲ್ಲಿ ಯಾವುದೆಂದು ಹುಡುಕಬೇಕು ಎಂದು ಅವನ ಮಾವನೇ ನಗುತ್ತಿದ್ದ.

ಅವನಿಗೆ ಒಂದು ನಂಬಿಕೆ ಇತ್ತು. ಏನಾದರೂ ಕೆಟ್ಟರೆ ಅದರ ಹಿಂದೆ ಒಬ್ಬ ಮನುಷ್ಯ ಇರಲೇಬೇಕು. ಕರೆಂಟು ಹೋದರೆ ಲೈನ್‌ಮನ್, ಬಸ್ಸು ಬರದಿದ್ದರೆ ಡ್ರೈವರ್, ಸಾರು ಹುಳಿಯಾದರೆ ಹುಣಸೆಹಣ್ಣು ಕೊಟ್ಟ ಅಂಗಡಿಯವನು. "ಯಾರ ಸಲುವಾಗಿ ಹಿಂಗಾತು?" ಎಂಬುದು ಅವನ ಮೊದಲ ಪ್ರಶ್ನೆ. ಹೆಸರು ಸಿಕ್ಕರೆ ಸಮಾಧಾನ, ಸಿಗದಿದ್ದರೆ ಮನೆಯವರ ಮೇಲೆ ಹಾಯುತ್ತಿದ್ದ.

ಅಂಥವನ ಮಗಳು ನಲಿನಿ ಬಿ.ಕಾಂ. ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಓದಲು ಕೂತಳು. ಫತೇನಗರದ ಎರಡು ಕೋಣೆಯ ಬಾಡಿಗೆ ಮನೆಯಿಂದ ದಿನವೂ ಹಿಮಾಯತ್‌ನಗರದ ಕೋಚಿಂಗ್ ಸೆಂಟರಿಗೆ ಹೋಗಿ ಬರುತ್ತಿದ್ದಳು. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಸೆಂಟರಿಗೆ ಒಂದು ಪದ್ಧತಿ. ಟರ್ಮ್ ಮುಗಿಯುವಾಗ ಭಾನುವಾರ ಒಂದು ದೊಡ್ಡ ಟೆಸ್ಟ್. ಅದರಲ್ಲಿ ಮೊದಲ ಹತ್ತು ಮಂದಿಗೆ 'ಸ್ಪೆಷಲ್ ಬ್ಯಾಚ್', ಪರೀಕ್ಷೆಯ ತನಕ ಪುಕ್ಕಟೆ. ಉಳಿದವರು ಮತ್ತೆ ಫೀಸು ಕಟ್ಟಬೇಕು. ಒಂದು ಟರ್ಮಿಗೇ ವೀರಭದ್ರಪ್ಪ ಸುಸ್ತಾಗಿದ್ದ. ಎರಡನೆಯದು ಆಗದ ಮಾತೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೋಠಿಯ ಒಂದು ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ ಖಾಲಿ ಇತ್ತು. ಹತ್ತರೊಳಗೆ ಬಂದರೆ ಬ್ಯಾಂಕು, ಬರದಿದ್ದರೆ ಸ್ಟೀಲ್ ಅಂಗಡಿ ಎಂದು ನಲಿನಿಯೇ ಹೇಳಿಕೊಂಡಿದ್ದಳು.

ಪ್ರತ್ಯೇಕ ತೆಲಂಗಾಣ ರಾಜ್ಯದ ಗಲಾಟೆ ಜೋರಾಗಿದ್ದ ಚಳಿಗಾಲ ಅದು. ಇವತ್ತು ಬಂದ್, ನಾಳೆ ರಾಸ್ತಾ ರೋಕೋ. ಬೆಳಿಗ್ಗೆ ಎದ್ದರೆ ಜನ ಹಾಲಿಗಿಂತ ಮೊದಲು ಬಸ್ಸಿನ ಸುದ್ದಿ ಕೇಳುತ್ತಿದ್ದರು. ಎಲ್ಲಿಯೋ ಕಲ್ಲು ಬಿತ್ತೆಂದರೆ ಆರ್‌ಟಿಸಿಯವರು ಬಸ್ಸುಗಳನ್ನು ಡಿಪೋಗೆ ಎಳೆದುಕೊಳ್ಳುತ್ತಿದ್ದರು. ಭಾನುವಾರ ಹೇಗೋ ಟೆಸ್ಟ್ ಆಯಿತು. ಸೋಮವಾರ ಸಂಜೆ ಬೋರ್ಡಿನ ಮೇಲೆ ಪಟ್ಟಿ ಬಂತು. ನಲಿನಿ ಹನ್ನೊಂದನೆಯವಳು. ಹತ್ತನೆಯ ಹುಡುಗನಿಗೂ ಅವಳಿಗೂ ಒಂದೇ ಮಾರ್ಕಿನ ಅಂತರ.

ಮನೆಗೆ ಬಂದವಳು ಅಳಲಿಲ್ಲ. ಪ್ರಶ್ನೆಪತ್ರಿಕೆ ಚಾಪೆಯ ಮೇಲೆ ಹರಡಿಕೊಂಡು ಕೂತಳು.

"ಯಾವದು ತಪ್ಪಿತು?" ವೀರಭದ್ರಪ್ಪ ಕೇಳಿದ.

"ಇದೊಂದು, ಅಪ್ಪಾ. ಕಾರಣ-ಪರಿಣಾಮದ್ದು."

"ಹಂಗಂದ್ರ?"

"ಎರಡು ಮಾತು ಕೊಟ್ಟಿರ್ತಾರ. ಮೊದಲನೇದರಿಂದ ಎರಡನೇದು ಆತೋ, ಎರಡನೇದರಿಂದ ಮೊದಲನೇದು ಆತೋ ಹೇಳಬೇಕು. ಇಲ್ಲಾ, ಎರಡೂ ಬ್ಯಾರೆ ಬ್ಯಾರೆ ಕಾರಣ ಇರಬಹುದು. ಬ್ಯಾರೆ ಬ್ಯಾರೆ ಕಾರಣದಿಂದ ಆದವು ಇರಬಹುದು. ಇಲ್ಲಾ ಎರಡೂ ಒಂದೇ ಕಾರಣದಿಂದ ಹುಟ್ಟಿರಬಹುದು. ಐದರಾಗ ಒಂದು ಆರಿಸಬೇಕು."

"ಇದರಾಗ ಏನು ಕೊಟ್ಟಾರ?"

ನಲಿನಿ ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಓದಿದಳು. "ಒಂದು: ಸೋಮವಾರದಿಂದ ಊರಿನ ಪೂರ್ವ ಭಾಗಕ್ಕ ಹೋಗೋ ಸಿಟಿ ಬಸ್ಸು ನಿಂತಾವ. ಎರಡು: ಸೋಮವಾರದಿಂದ ಅದೇ ದಾರ್ಯಾಗ ಶೇರ್ ಆಟೋದಾಗ ಮಂದಿ ಭಾಳ ಹೆಚ್ಚಾಗ್ಯಾರ."

"ನೀ ಏನು ಬರದಿ?"

"ಎರಡೂ ಒಂದೇ ಕಾರಣದಿಂದ ಅಂತ. ಬಂದ್ ಅಲ್ಲೇನು ಮತ್ತ? ಬಂದ್ ಇದ್ರ ತಾನೇ ಬಸ್ ನಿಲ್ಲೋದು."

"ಬರೋಬರಿ ಐತಲ್ಲ."

"ಸರ್ ಕೊಟ್ಟ ಉತ್ತರ ಬ್ಯಾರೆ ಐತಿ. ಮೊದಲನೇದು ಕಾರಣ, ಎರಡನೇದು ಪರಿಣಾಮ ಅಂತ."

"ಯಾರವ ಸರ್?"

ಅಲ್ಲಿಗೆ ವೀರಭದ್ರಪ್ಪನಿಗೆ ಬೇಕಾದ ಹೆಸರು ಸಿಕ್ಕಿತು. ಜಯತೀರ್ಥ. ರೀಸನಿಂಗ್ ಕಲಿಸುವ ಮಾಸ್ತರರು, ರಾಯಚೂರಿನವರು, ಕನ್ನಡದವರು. ಕನ್ನಡದವರೆಂದು ತಿಳಿದು ಸಿಟ್ಟು ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. "ನಮ್ಮ ಊರ ಮನುಷ್ಯಾ ಆಗಿ ನಮ್ಮ ಹುಡುಗಿ ಮಾರ್ಕು ಕಡದಾನಂದ್ರ" ಎಂದು ರಾತ್ರಿಯೆಲ್ಲ ಗೊಣಗಿದ. "ಅಪ್ಪಾ, ಚಾಲೆಂಜ್ ಮಾಡೋ ಪದ್ಧತಿ ಐತಿ" ಎಂದು ನಲಿನಿ ಹೇಳಿದಳು. ಉತ್ತರ ಸರಿಯಿಲ್ಲ ಅನ್ನಿಸಿದರೆ ಒಂದು ಚೀಟಿ ಬರೆದು ಕೊಡಬೇಕು. ಆ ವಿಷಯದ ಮಾಸ್ತರರು 'ಪ್ರಶ್ನೆ ಸಂಶಯದ್ದು' ಎಂದು ಸಹಿ ಹಾಕಿದರೆ ಎಲ್ಲರಿಗೂ ಆ ಮಾರ್ಕು ಸಿಗುತ್ತದೆ. ಹತ್ತನೆಯ ಹುಡುಗನಿಗೆ ಅದು ಆಗಲೇ ಸಿಕ್ಕಿತ್ತು, ಹಾಗಾಗಿ ಅವಳೂ ಅವನೂ ಸಮ. ಸಮ ಬಂದರೆ ಇಬ್ಬರನ್ನೂ ತೆಗೆದುಕೊಳ್ಳುವ ರೂಢಿ ಇತ್ತು.

ಮಂಗಳವಾರವೂ ಬಸ್ಸಿರಲಿಲ್ಲ. ವೀರಭದ್ರಪ್ಪ ಶೇರ್ ಆಟೋದಲ್ಲಿ ಡ್ರೈವರನ ಪಕ್ಕಕ್ಕೆ ಅರ್ಧ ಮೈ ಒಳಗೆ, ಅರ್ಧ ಹೊರಗೆ ಇಟ್ಟುಕೊಂಡು ಹೊರಟ. ಒಂದು ಕಾಲು ಜೋಮು ಹಿಡಿದಿತ್ತು. ಹಿಂದೆ ಕೂತಿದ್ದ ನಲಿನಿಯ ಮೇಲೆ ಯಾರದೋ ತರಕಾರಿ ಬುಟ್ಟಿ. ಹಿಮಾಯತ್‌ನಗರದಲ್ಲಿ ಇಳಿದು ಮೆಟ್ಟಿಲು ಹತ್ತುವಾಗ ಅವನು ಕುಂಟುತ್ತಿದ್ದ, ಬೈಯುತ್ತಲೂ ಇದ್ದ.

ಆಫೀಸು ಕೋಣೆಯಲ್ಲಿ ಮಾಲೀಕ ರಾವ್ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಜಯತೀರ್ಥ ಮಾಸ್ತರರು. ತೆಳ್ಳಗಿನ ಮನುಷ್ಯ, ಅರ್ಧ ತೋಳಿನ ಬಿಳಿ ಅಂಗಿ, ಹಣೆಯಲ್ಲಿ ಅಂಗಾರದ ಕಪ್ಪು ಗೆರೆ, ಕಿಸೆಯಲ್ಲಿ ದಪ್ಪ ಮಸಿಪೆನ್. ಕೇಂದ್ರ ಸರಕಾರದ ಆಫೀಸೊಂದರಲ್ಲಿ ಗುಮಾಸ್ತರಾಗಿ ರಿಟೈರಾದವರು. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿ ಕಲಿಸಲು ಬಂದಿದ್ದರು. ಬಾಗಿಲಲ್ಲಿ ಪಟ್ಟಿ ನೋಡಲು ಬಂದ ಹುಡುಗ ಹುಡುಗಿಯರ ಗುಂಪು.

ವೀರಭದ್ರಪ್ಪ ನಮಸ್ಕಾರ ಹೇಳಲಿಲ್ಲ. "ಬಂದ್ ಆಗಿ ಬಸ್ ನಿಂತಾವ, ಬಂದ್ ಆಗಿ ಆಟೋ ತುಂಬ್ಯಾವ. ಇದು ನನ್ನಂಥ ಸಾಲಿ ಬಿಟ್ಟವಗೂ ತಿಳೀತೈತಿ. ನಿಮಗ ಯಾಕ ತಿಳೀವಲ್ದು?"

"ಕೂಡ್ರಿ" ಎಂದರು ಜಯತೀರ್ಥ.

"ಕೂಡಾಕ ಬಂದಿಲ್ಲ."

"ನಿಂತೇ ಹೇಳ್ರಿ ಹಂಗಾರೆ. ಯಾವ ಕಡೆಯಿಂದ ಬಂದ್ರಿ?"

"ಫತೇನಗರದಿಂದ."

"ಹೆಂಗ ಬಂದ್ರಿ?"

"ಹೆಂಗ ಬರೋದು, ಆಟೋದಾಗ. ಕುರಿ ತುಂಬಿದಂಗ ತುಂಬ್ಯಾನ ಮಗ."

"ಆಟೋ ಯಾಕ?"

"ಬಸ್ ಇಲ್ಲ, ಅದಕ್ಕ ಆಟೋ. ಇದೇನು ಕೇಳ್ತೀರಿ?"

ಅಂದ ಮೇಲೆಯೇ ತಾನು ಏನು ಅಂದೆ ಎಂಬುದು ಅವನ ಕಿವಿಗೆ ಬಿದ್ದದ್ದು. ಬಾಗಿಲ ಹತ್ತಿರ ಕನ್ನಡ ಬಲ್ಲ ಒಂದಿಬ್ಬರು ಕಿಸಕ್ಕೆಂದರು. ಒಬ್ಬ ಅದನ್ನು ತೆಲುಗಿನಲ್ಲಿ ಹೇಳಿದ, ಉಳಿದವರೂ ನಕ್ಕರು. ನಲಿನಿ ತಲೆ ತಗ್ಗಿಸಿದಳು.

ಜಯತೀರ್ಥರು ನಗಲಿಲ್ಲ. "ನೋಡ್ರಿ, ಬಂದ್ ಆಗಿ ಬಸ್ ನಿಂತದ್ದು ಖರೆ. ಆದರ ಆಟೋ ತುಂಬಿದ್ದು ಬಸ್ ನಿಂತದ್ದಕ್ಕ. ಬಂದ್ ಇಲ್ಲದೆ ಡೀಸೆಲ್ ಸಿಗಲಾರದೆ ಬಸ್ ನಿಂತಿದ್ರೂ ಆಟೋ ತುಂಬತಿದ್ವು. ಬಂದ್ ಇದ್ದೂ ಬಸ್ ಓಡಿದ್ರ ನೀವು ಆಟೋ ಹತ್ತತಿದ್ರೇನು? ಇಲ್ಲ. ಇವು ತಾಯಿ ಮಗಳು ಇದ್ದಂಗ. ಬಂದ್ ಅನ್ನೋದು ಅಜ್ಜಿ."

"ಅಜ್ಜಿನೂ ಕಾರಣನ ಅಲ್ಲೇನ್ರಿ?"

"ಅಜ್ಜಿ ಇದ್ದಾಳ ಅಂತ ತಾಯಿ ಮಗಳು ಅಕ್ಕ ತಂಗಿ ಆಗೂದಿಲ್ಲ. ಅದೇ ಹಾಳ್ಯಾಗ ಮುಂದಿನ ಪ್ರಶ್ನೆ ಅದ. ಸೋಮವಾರ ಬಸ್ ಓಡಲಿಲ್ಲ, ಸೋಮವಾರ ಬಜಾರದ ಅಂಗಡಿ ತೆರೀಲಿಲ್ಲ. ಬಸ್ ಇಲ್ಲಂತ ಊರಾನ ಅಂಗಡಿ ಎಲ್ಲಾ ಮುಚ್ಚತಾವೇನು? ಅಂಗಡಿ ಮುಚ್ಚ್ಯಾವಂತ ಬಸ್ ನಿಲ್ಲತಾವೇನು? ಎರಡನ್ನೂ ನಿಲ್ಲಿಸಿದ್ದು ಇನ್ನೊಂದು. ಅವು ಅಕ್ಕ ತಂಗಿ. ಅದನ್ನ ನಿಮ್ಮ ಮಗಳು ಸರಿ ಬರದಾಳ. ಅದೇ ಗುಂಗಿನಾಗ ಇದನ್ನೂ ಬರದಾಳ. ಈ ವರ್ಷ ಈ ಊರಾಗ ಬಸ್ ನಿಂತದ್ದು ಓದಿದ ಕೂಡಲೇ ಎಲ್ಲಾ ಹುಡುಗರ ತಲ್ಯಾಗ ಬಂದ್ ಬರತದ. ಬ್ಯಾರೆ ಊರಿನವರಾದ್ರ ಇದನ್ನ ತಪ್ಪತಿದ್ದಿಲ್ಲ."

ರಾವ್ ಅವರಿಗೆ ಕನ್ನಡ ಅಷ್ಟಾಗಿ ತಿಳಿಯದು, ಗದ್ದಲ ತಿಳಿಯುತ್ತಿತ್ತು. ಅವರಿಗೆ ಹತ್ತು ಮಂದಿಯಾದರೇನು, ಹನ್ನೊಂದಾದರೇನು. ಚೀಟಿಯನ್ನು ಜಯತೀರ್ಥರ ಮುಂದೆ ತಳ್ಳಿ, ಸಹಿ ಮಾಡಿಬಿಡಿ ಸಾರ್, ಮುಗಿದುಹೋಗಲಿ ಎಂದು ತೆಲುಗಿನಲ್ಲಿ ಹೇಳಿದರು.

ವೀರಭದ್ರಪ್ಪ ಆ ಪೆನ್ನನ್ನೇ ನೋಡಿದ. ಜಯತೀರ್ಥರು ಅದನ್ನು ಕಿಸೆಯಿಂದ ತೆಗೆದರು, ಬೆರಳಲ್ಲಿ ತಿರುಗಿಸಿದರು, ಮುಚ್ಚಳ ತೆಗೆಯದೆ ಚೀಟಿಯ ಮೇಲೆ ಅಡ್ಡ ಇಟ್ಟರು.

"ಪ್ರಶ್ನ್ಯಾಗ ಸಂಶಯ ಇಲ್ಲ. ಇದ್ರ ಬರದು ಕೊಡತಿದ್ದೆ. ಹತ್ತನೇ ಹುಡುಗ ಉಪ್ಪಲ್‌ದಿಂದ ಬರತಾನ, ಇದನ್ನ ಸರಿ ಬರದಾನ. ತಪ್ಪಿದ್ರೂ ಸಿಗತದ ಅಂದ ಮ್ಯಾಲೆ ಸರಿ ಬರದದ್ದಕ್ಕ ಏನರ ಕಿಮ್ಮತ್ತು ಉಳೀತು? ಇಲ್ಲಿ ನಾ ಕೊಟ್ಟೆ ಅಂತ ಇಟ್ಕೋರಿ, ಬ್ಯಾಂಕಿನ ಪರೀಕ್ಷಾದಾಗ ಯಾರು ಕೊಡತಾರ? ಅಲ್ಲಿ ತಪ್ಪು ಬರದ್ರ ಇದ್ದ ಮಾರ್ಕಿನಾಗೂ ಕಾಲು ಮಾರ್ಕು ಕಡೀತಾರ."

"ಒಂದು ಮಾರ್ಕಿಗೆ ಹುಡುಗಿ ಜೀವನಾ ಹಾಳು ಮಾಡಿದ್ರಿ ನೀವು" ಎಂದ ವೀರಭದ್ರಪ್ಪ. ಮೇಜಿನ ಮೇಲಿದ್ದ ಪೇಪರ್‌ವೇಟ್ ಎತ್ತಿ, ಏನು ಮಾಡಬೇಕೆಂದು ತೋಚದೆ, ಮತ್ತೆ ಅಲ್ಲಿಯೇ ಇಟ್ಟ. ಕೆಳಗಿಳಿದು ಬಂದ ಮೇಲೆ ಆಟೋ ಹತ್ತಲಿಲ್ಲ. ಹುಸೇನ್‌ಸಾಗರದ ದಂಡೆ ಹಿಡಿದು, ಬೇಗಂಪೇಟೆ ದಾಟಿ, ಫತೇನಗರದ ತನಕ ನಡೆದ. ನಲಿನಿ ಹಿಂದೆ ಹಿಂದೆ ನಡೆದಳು. ಅರ್ಧ ದಾರಿಯಲ್ಲಿ ಅವಳು, "ಅಪ್ಪಾ, ಸರ್ ಹೇಳಿದ್ದು ಖರೆ ಐತಿ" ಎಂದಳು. ಅವನು ನಿಂತು ಒಮ್ಮೆ ನೋಡಿ ಮತ್ತೆ ನಡೆಯತೊಡಗಿದ.

ಆ ವಾರವೇ ಜಯತೀರ್ಥರು ನಲಿನಿಯ ಗೆಳತಿಯ ಕೈಯಲ್ಲಿ ಹೇಳಿಕಳಿಸಿದರು. ಸೆಂಟರಿನ ಹಿಂದಿನ ಗಲ್ಲಿಯಲ್ಲೇ ತಮ್ಮ ಮನೆ, ಮಧ್ಯಾಹ್ನ ಬಿಡುವಿರುತ್ತದೆ, ಹುಡುಗಿ ಬರುವುದಾದರೆ ಪರೀಕ್ಷೆಯ ತನಕ ಹೇಳಿಕೊಡುತ್ತೇನೆ, ಫೀಸಿನ ಮಾತು ಬೇಡ. ವೀರಭದ್ರಪ್ಪ, "ಕೈ ಕಡದು ಮುಲಾಮು ಹಚ್ಚಾಕ ಬಂದಾನ. ಅವನ ಬಾಗಿಲಾ ತುಳದ್ರ ನೋಡು" ಎಂದ. ಮರುದಿನದಿಂದ ನಲಿನಿ ಚಿಕ್ಕಡಪಲ್ಲಿಯ ಲೈಬ್ರರಿಗೆ ಓದಲು ಹೋಗತೊಡಗಿದಳು. ಸ್ಟೀಲ್ ಅಂಗಡಿಯವನಿಗೆ ಪರೀಕ್ಷೆ ಮುಗಿಯಲಿ ಎಂದು ಶಿವದೇವಿ ಹೇಳಿಸಿದಳು. ವೀರಭದ್ರಪ್ಪ ಸಿಟ್ಟಿನಲ್ಲಿದ್ದರೂ ಇದಕ್ಕೆ ಅಡ್ಡ ಬರಲಿಲ್ಲ.

ಮಾರ್ಚಿನ ಒಂದು ಮಧ್ಯಾಹ್ನ ಮೆರವಣಿಗೆ ಎಂಬ ಸುದ್ದಿ ಹಬ್ಬಿ ವರ್ಕ್‌ಶಾಪು ಬೇಗ ಮುಚ್ಚಿತು. ಮಗಳು ಎಲ್ಲಿ ಸಿಕ್ಕಿಬೀಳುತ್ತಾಳೋ ಎಂದು ವೀರಭದ್ರಪ್ಪ ನೆಟ್ಟಗೆ ಲೈಬ್ರರಿಗೆ ಹೋದ. ಓದುವ ಹಾಲಿನಲ್ಲಿ ಅವಳಿರಲಿಲ್ಲ. ಅವಳ ಗೆಳತಿ ಇದ್ದಳು. ಇವನ ಮುಖ ನೋಡಿ ಸುಳ್ಳು ಹೇಳಲು ಅವಳಿಗೆ ಧೈರ್ಯ ಬರಲಿಲ್ಲ.

ಸೆಂಟರಿನ ಹಿಂದಿನ ಆ ಗಲ್ಲಿ ಹುಡುಕಿಕೊಂಡು ಹೋದ. ತುಳಸಾಬಾಯಿ ಎನ್ನುವವರ ಮನೆಯ ಹಿಂಭಾಗದಲ್ಲಿ ಮಾಸ್ತರರ ಬಾಡಿಗೆ ಕೋಣೆ. ಬಾಗಿಲು ತೆರೆದೇ ಇತ್ತು. ಒಳಗೆ ಚಾಪೆಯ ಮೇಲೆ ನಲಿನಿ ಇನ್ನಿಬ್ಬರು ಹುಡುಗಿಯರ ಜೊತೆ ಕೂತಿದ್ದಳು. ಜಯತೀರ್ಥರು ಗೋಡೆಗೊರಗಿ ಕೇಳುತ್ತಿದ್ದರು: "ಉಪ್ಪಲ್ ಸ್ಟೇಡಿಯಂದಾಗ ಮ್ಯಾಚಿನ ಟಿಕೆಟ್ ಎಲ್ಲಾ ಖಾಲಿ ಆದ್ವು. ಊರಾಗ ಉಳ್ಳಾಗಡ್ಡಿ ತುಟ್ಟಿ ಆತು. ಏನು?"

"ಬ್ಯಾರೆ ಬ್ಯಾರೆ ಕಾರಣದ ಪರಿಣಾಮ, ಸರ್" ಎಂದಳು ನಲಿನಿ.

"ಹೆಂಗ ಹೇಳಿದಿ?"

"ಇದು ಆಗಲಿಲ್ಲಂದ್ರ ಅದು ಆಗತಿತ್ತೇನು ಅಂತ ಕೇಳ್ಕೊಂಡೆ. ಆಗತಿತ್ತು. ತಿರುಗಿಸಿ ಕೇಳ್ಕೊಂಡೆ. ಅದೂ ಆಗತಿತ್ತು. ಎರಡಕ್ಕೂ ಒಂದೇ ಬೇರು ಐತೇನು ನೋಡಿದೆ. ಇಲ್ಲ. ಎರಡೂ ಬ್ಯಾರೆ ಏನರದಿಂದ ಆದ ಸುದ್ದಿ, ಅದಕ್ಕ ಪರಿಣಾಮ."

ವೀರಭದ್ರಪ್ಪ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಮೂಲೆಯ ಟೇಬಲ್ ಫ್ಯಾನು ಕಟಕಟ ಕಟಕಟ ಎಂದು, ನಡುಗುತ್ತ ಸ್ಟೂಲಿನ ಅಂಚಿಗೆ ಬಂತು. ಒಬ್ಬ ಹುಡುಗಿ ಕೈ ಚಾಚಿ ಅದನ್ನು ಹಿಂದಕ್ಕೆ ಸರಿಸಿದಳು. ಅದು ರೂಢಿಯಾದಂತಿತ್ತು.

ಮಷಿನಿನ ನಡುವೆ ಬೆಳೆದ ಕಿವಿ ಆ ಸದ್ದನ್ನು ತಾಳಲಿಲ್ಲ. "ಮೊದಲ ಅದನ್ನ ಬಂದ್ ಮಾಡ್ರಿ. ಮನೀಗೆ ಬೆಂಕಿ ಹಚ್ಚತೈತಿ."

ಎಲ್ಲರೂ ಅವನತ್ತ ತಿರುಗಿದರು. ಜಯತೀರ್ಥರು ಎದ್ದು, "ಬರ್ರಿ ವೀರಭದ್ರಪ್ಪನವರ" ಎಂದು ಫ್ಯಾನಿನ ಸ್ವಿಚ್ ಆರಿಸಿದರು. "ಇದರ ಸದ್ದಿಗೆ ನಡುಗತದೋ, ನಡುಗೂದಕ್ಕ ಸದ್ದು ಬರತದೋ, ತಿಳೀವಲ್ದು ನಮಗ."

"ಎರಡೂ ಅಲ್ಲ. ಒಳಗ ದಂಡ ಹಿಡಿಯೋ ಬುಷ್ ಸವದೈತಿ. ದಂಡ ಓಲಾಡಾಕತ್ತೈತಿ. ಅದಕ್ಕ ಸದ್ದೂ ಬರ್ತೈತಿ, ನಡುಗತೈತಿ. ಹಂಗ ಓಡಿಸಿದ್ರ ಮೋಟರ್ ಕಾಯತೈತಿ. ಕಾದ್ರ ಒಳಗಿನ ತಂತಿ ಸುಡತೈತಿ."

ನಲಿನಿ ನೆಲ ನೋಡುತ್ತ ನಗೆ ಅದುಮಿಕೊಂಡದ್ದು ಅವನಿಗೆ ಕಂಡಿತು. ಸದ್ದು, ನಡುಕ ಅಕ್ಕ ತಂಗಿ. ಕಾಯುವುದು, ಸುಡುವುದು ತಾಯಿ ಮಗಳು. ಅದು ಅವನ ತಲೆಗೆ ಹೊಳೆಯಿತು, ಹೊಳೆದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಆ ಮಾರ್ಕಿನ ಸುದ್ದಿ ತೆಗೀಬ್ಯಾಡ್ರಿ ಮತ್ತ" ಎಂದ.

"ನಾ ತೆಗದಿಲ್ಲಲ್ಲ" ಎಂದರು ಜಯತೀರ್ಥರು. "ಚಹಾ ಕುಡೀತೀರೇನು?"

ಚಹಾ ಕುಡಿಯಲಿಲ್ಲ. ಆದರೆ ಸ್ಕ್ರೂಡ್ರೈವರ್ ಕೇಳಿದ. ಚಾಪೆಯ ತುದಿಯಲ್ಲಿ ಕೂತು ಫ್ಯಾನು ಬಿಚ್ಚಿ, ಸವೆದ ಬುಷ್ಷನ್ನೂ ಅದರೊಳಗೆ ದಂಡದ ಸಮೇತ ತಿರುಗುವ ರೋಟರನ್ನೂ ಹೊರತೆಗೆದ. ದಂಡದ ಅಳತೆಗೆ ಸರಿಯಾಗಿ ಹೊಸ ಬುಷ್ ಕೊರೆಯಬೇಕು, ಅದಕ್ಕೆ ದಂಡ ಕೈಯಲ್ಲೇ ಇರಬೇಕು. ಎರಡನ್ನೂ ಹಳೆಯ ಪೇಪರಿನಲ್ಲಿ ಸುತ್ತಿಕೊಂಡ. "ಗನ್‌ಮೆಟಲ್‌ದಾಗ ಮಾಡಿ ತರ್ತೀನಿ. ನಾಕು ದಿನ."

"ಎಷ್ಟಾಗತದ?"

"ನೀವು ನನ್ನ ಮಗಳ ಕಡೆ ಏನು ತಗೊಳ್ಳಾಕತ್ತೀರಿ?" ಎಂದ, ಜಗಳದ ದನಿಯಲ್ಲೇ. ಆಮೇಲೆ ಮಗಳ ಕಡೆ ತಿರುಗಿ, "ಲೈಬ್ರರಿ ಇದೇನು? ನಡಿ" ಎಂದ. ಮರುದಿನ ಅವಳು ಮತ್ತೆ ಅಲ್ಲಿಗೆ ಹೊರಟಾಗ ಅವನು ಬೇಡವೆನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಬುಷ್ ಎರಡೇ ದಿನದಲ್ಲಿ ತಯಾರಾಯಿತು. ಊಟದ ಬಿಡುವಿನಲ್ಲಿ ಲೇತಿಗೆ ಹಚ್ಚಿ ಒಳಗೂ ಹೊರಗೂ ನಯ ಮಾಡಿದ. ದಂಡ ಒಳಗೆ ಹೋದರೆ ಎಣ್ಣೆಯ ಮೇಲೆ ಜಾರಿದಂತೆ ತಿರುಗುತ್ತಿತ್ತು. ಬುಷ್, ರೋಟರ್ ಎರಡನ್ನೂ ತನ್ನ ಟೂಲ್‌ಬಾಕ್ಸಿನಲ್ಲಿಟ್ಟ. ಅದೇ ವಾರ ಕಾರ್ಖಾನೆಗಳಿಗೆ ಕರೆಂಟು ಕಡಿತ ಜೋರಾಯಿತು. ಲೇತಿನ ಮೇಲೆ ಅರ್ಧಕ್ಕೆ ನಿಂತ ಒಂದು ಶಾಫ್ಟು, ಕರೆಂಟು ಬಂದ ಮೇಲೆ ನೋಡಿದರೆ ಕೆಟ್ಟಿತ್ತು. ಮಾಲೀಕ ನಿನ್ನಿಂದಲೇ ಕೆಟ್ಟದ್ದು ಎಂದ. ಕರೆಂಟಿನಿಂದ ಎಂದು ವೀರಭದ್ರಪ್ಪ. ಮಾತು ಬೆಳೆಯಿತು. ಬೈಗುಳದಲ್ಲಿ ಇಬ್ಬರೂ ತಾಯಿಯ ತನಕ ಹೋದರು. ವೀರಭದ್ರಪ್ಪ ಕೈ ಒರೆಸಿದ ಅರಿವೆಯನ್ನು ಮಾಲೀಕನ ಮೇಜಿನ ಮೇಲೆ ಒಗೆದು ಹೊರಟುಬಿಟ್ಟ. ಟೂಲ್‌ಬಾಕ್ಸು ಒಳಗೇ ಉಳಿಯಿತು. ಬಂದು ಕೇಳಲಿ, ಕೊಡುತ್ತೇನೆ ಎಂದು ಮಾಲೀಕ. ಕಳಿಸಿಕೊಡಲಿ, ನಾನು ಹೋಗುವುದಿಲ್ಲ ಎಂದು ಇವನು.

ಬೇಸಿಗೆ ಏರಿತು. ವೀರಭದ್ರಪ್ಪ ಬೇರೆ ಗಲ್ಲಿಯಲ್ಲಿ ಬೇರೆ ಲೇತು ಹಿಡಿದ. ನಲಿನಿ ದಿನವೂ ಬೆವರಿನಲ್ಲಿ ತೊಯ್ದು ಬರುತ್ತಿದ್ದಳು. ಒಮ್ಮೆ ಶಿವದೇವಿ ಕೇಳಿದಳು, "ಫ್ಯಾನಿನ ಸುದ್ದಿ ಏನಾತ್ರಿ? ಆ ಹಿರೇರು ಬೀಸಣಿಕಿ ಹಿಡಕೊಂಡು ಪಾಠಾ ಹೇಳಾಕತ್ತಾರಂತ."

"ಕೇಳಿದ್ರೇನು?"

"ಒಂದು ಸರ್ತಿನೂ ಕೇಳಿಲ್ಲಂತ ನಲಿನಿ ಅಂದ್ಲು."

"ಕೇಳಿಲ್ಲಲ್ಲ ಮತ್ತ" ಎಂದು ಎದ್ದುಹೋದ. ಕೇಳಿದ್ದರೆ ಒಂದು ಜಗಳವಾದರೂ ಆಗಿ ಕೆಲಸ ಮುಗಿಯುತ್ತಿತ್ತು. ಕೇಳದೇ ಇದ್ದದ್ದು ಅವನಿಗೆ ಹಲ್ಲಿನಲ್ಲಿ ಸಿಕ್ಕ ನಾರಿನಂತಾಯಿತು. ಇನ್ನೊಂದು ಬುಷ್ ಮಾಡಬಹುದಿತ್ತು, ಆದರೆ ರೋಟರ್ ಆ ಬಾಕ್ಸಿನಲ್ಲಿತ್ತು. ಬಾಕ್ಸು ತರಲು ಆ ಮಾಲೀಕನ ಬಾಗಿಲಿಗೆ ಹೋಗಬೇಕಿತ್ತು. ಅದೊಂದು ಅವನಿಂದ ಆಗಲಿಲ್ಲ.

ಜೂನಿನಲ್ಲಿ ಪರೀಕ್ಷೆಯಾಯಿತು. ಕಾರಣ-ಪರಿಣಾಮದ ಭಾಗದಿಂದ ಐದು ಪ್ರಶ್ನೆ ಬಂದಿದ್ದವು. ಸಂಜೆ ಬಂದು ನಲಿನಿ ಒಂದನ್ನು ಹೇಳಿದಳು: ಒಂದು ಊರಿನಲ್ಲಿ ಕುಡಿಯುವ ನೀರಿನ ಪೈಪು ಒಡೆದು ಚರಂಡಿ ನೀರು ಬೆರೆಯಿತು, ಆ ಬಡಾವಣೆಯ ಮಂದಿ ವಾಂತಿಭೇದಿಯಿಂದ ಆಸ್ಪತ್ರೆಗೆ ಸೇರಿದರು. "ಪೈಪ್ ಯಾಕ ಒಡೀತು ಅಂತ ವಿಚಾರ ಮಾಡಾಕ ಹೋಗಲಿಲ್ಲ ಅಪ್ಪಾ. ಕೊಟ್ಟ ಎರಡರ ನಡುವೆ ದಾರಿ ಐತೇನು ಅಷ್ಟ ನೋಡಿದೆ" ಎಂದಳು. ವೀರಭದ್ರಪ್ಪ ಹೂಂ ಎಂದ.

ಮಳೆಗಾಲ ಮುಗಿಯುವ ಹೊತ್ತಿಗೆ ಫಲಿತಾಂಶ ಬಂತು. ಇಂಟರ್‌ವ್ಯೂ ಆಗಿ, ನಲಿನಿಗೆ ಬ್ಯಾಂಕಿನ ಕೆಲಸ ಸಿಕ್ಕಿ, ವರಂಗಲ್ಲಿಗೆ ಹಾಕಿದರು. ಶಿವದೇವಿ ಹರಕೆಯ ಫಲ ಎಂದಳು. ಮಾವ ಚನ್ನಬಸಪ್ಪ ತಾನು ಈ ಊರಿಗೆ ಕರೆತಂದಿದ್ದರಿಂದಲೇ ಇದೆಲ್ಲ ಎಂದ. ಮಗಳು ಮಾತ್ರ, "ಸರ್ ಮನೀಗೆ ಹೋಗಿ ಬರೂಣು" ಎಂದಳು. ಒಂದು ಸಂಜೆ ಅವಳು ಒಬ್ಬಳೇ ಹೋಗಿ ನಮಸ್ಕಾರ ಮಾಡಿ ಪೇಢೆ ಕೊಟ್ಟು ಬಂದಳು. ವೀರಭದ್ರಪ್ಪ ಕೈಯಲ್ಲಿ ರೋಟರ್ ಇಲ್ಲದೆ ಆ ಬಾಗಿಲಿಗೆ ಹೋಗಲು ಒಪ್ಪಲಿಲ್ಲ.

ಟೂಲ್‌ಬಾಕ್ಸು ಕೊನೆಗೂ ಕೈಗೆ ಬಂತು. ಹಳೆಯ ವರ್ಕ್‌ಶಾಪಿನ ಮಾಲೀಕ ಯಂತ್ರ ಮಾರಿ ಬಾಗಿಲು ಹಾಕುವಾಗ ಯಾರದೋ ಕೈಯಲ್ಲಿ ಕಳಿಸಿಬಿಟ್ಟ. ಬುಷ್ ಹಾಗೇ ಹೊಳೆಯುತ್ತಿತ್ತು. ವೀರಭದ್ರಪ್ಪ ದಂಡಕ್ಕೆ ಹಿಡಿದ ತುಕ್ಕನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಬುಷ್ ಏರಿಸಿ ನೋಡಿದ. ಸರಾಗ. ಅಂಗಿ ಬದಲಿಸಿ ಬಸ್ ಹಿಡಿದು ಹಿಮಾಯತ್‌ನಗರಕ್ಕೆ ಹೋದ. ಆವತ್ತು ಬಸ್ಸುಗಳು ಓಡುತ್ತಿದ್ದವು.

ಹಿಂದಿನ ಕೋಣೆಯಲ್ಲಿ ಬೇರೆ ಯಾರದೋ ಸೀರೆ ಒಣಗುತ್ತಿತ್ತು. ತುಳಸಾಬಾಯಿ ಹೊರಗೆ ಬಂದರು.

"ಆಚಾರ್ರು ಹೋಗಿ ತಿಂಗಳ ಮ್ಯಾಲಾತು. ಕಣ್ಣು ಮಂಜಾಗಿ ಕಲಸೂದು ಬಿಟ್ರು. ಸೊಲ್ಲಾಪುರದಾಗ ತಂಗಿ ಇದ್ದಾಳಂತ, ಅಲ್ಲಿಗೆ ಹೋದ್ರು."

"ಸೊಲ್ಲಾಪುರದಾಗ ಎಲ್ಲಿ?"

"ಅದು ಗೊತ್ತಿಲ್ಲಪ್ಪಾ. ಗಂಡನ ಮನಿ ಹೆಸರೂ ತಿಳೀದು."

"ಅವರದೊಂದು ಫ್ಯಾನ್ ಇತ್ತು."

"ಅದು ತಿರುಗತಿದ್ದಿಲ್ಲ. ಒಳಗ ಏನೋ ಇಲ್ಲಂತ. ಒಬ್ಬರು ಮಾಡಿಕೊಡ್ತೀನಿ ಅಂದಾರ, ಬರ್ತಾರ ಅಂತ ಭಾಳ ದಿನ ಮೂಲ್ಯಾಗ ಇಟ್ಟಿದ್ರು. ಹೋಗೂ ಮುಂದ ಗುಜರಿಯವಗ ಹಾಕಿದ್ರು."

ವೀರಭದ್ರಪ್ಪ ಪೇಪರಿನ ಗಂಟನ್ನು ಬಗಲಿಗೆ ಇಟ್ಟುಕೊಂಡ. ತುಳಸಾಬಾಯಿ, "ನೀವ ಏನು?" ಎಂದು ಕೇಳಿದರು. ಅವನು ಹಿಂದಿರುಗಿ ಗಲ್ಲಿಯ ಕಡೆ ನಡೆದ.

ನಲಿನಿ ಜಯತೀರ್ಥರ ಫೋನಿಗೆ ಎಷ್ಟೋ ಸಲ ಹಚ್ಚಿದಳು. ಆ ನಂಬರ್ ಹತ್ತಲಿಲ್ಲ. ಕೋಚಿಂಗ್ ಸೆಂಟರಿನಲ್ಲಿ ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಸೊಲ್ಲಾಪುರದ ಕಡೆ ಹೋಗುವವರು ಸಿಕ್ಕರೆ ವೀರಭದ್ರಪ್ಪ, ಕಣ್ಣು ಮಂಜಾದ ಒಬ್ಬ ಮಾಸ್ತರರು, ಅಂಗಾರ ಹಚ್ಚುತ್ತಾರೆ, ಪೆನ್ ಇಟ್ಟಿರುತ್ತಾರೆ ಎಂದು ಗುರುತು ಹೇಳುತ್ತಾನೆ. ಪೆನ್ನಿನ ಮಾತು ಬಂದೊಡನೆ ಮುಚ್ಚಳದ ಮಾತೂ ಬರುತ್ತದೆ, ದನಿ ಏರುತ್ತದೆ. ಕೇಳಿದವರಿಗೆ ಇವನು ಆ ಮನುಷ್ಯನನ್ನು ಹುಡುಕುತ್ತಿರುವುದು ಕೊಡಲಿಕ್ಕೋ ಬೈಯಲಿಕ್ಕೋ ತಿಳಿಯುವುದಿಲ್ಲ.

ರೋಟರ್ ಟೂಲ್‌ಬಾಕ್ಸಿನ ತಳದಲ್ಲಿದೆ. ಹಿತ್ತಾಳೆ, ಗನ್‌ಮೆಟಲ್ ಕೊಳ್ಳುವವರು ಬಾಗಿಲಿಗೆ ಬಂದಾಗ ಶಿವದೇವಿ ಒಮ್ಮೆ ಆ ಬುಷ್ ತೋರಿಸಿದ್ದಳು. "ಅದು ನಮ್ಮದಲ್ಲ" ಎಂದು ವೀರಭದ್ರಪ್ಪ ಕಸಿದುಕೊಂಡ. ವರ್ಷಕ್ಕೊಮ್ಮೆ, ಬಿಸಿಲು ಏರುವ ಮೊದಲು, ಅದನ್ನು ಹೊರತೆಗೆದು ಎರಡು ಹನಿ ಎಣ್ಣೆ ಬಿಟ್ಟು, ಬೆರಳಿನಿಂದ ತಿರುಗಿಸಿ, ಮತ್ತೆ ಸುತ್ತಿ ಇಡುತ್ತಾನೆ.